ನರ್ಸ್ ಒಬ್ಬರ ಒಂದು ದಿನ: ರೋಗಿಯನ್ನು ಬಯಲಿಗೆಳೆಯದೆ ವಿಡಿಯೊ ಸ್ಕ್ರಿಪ್ಟ್ ಬರೆಯುವ ಬಗೆ

ಆಸ್ಪತ್ರೆ ವಿಡಿಯೊ ಅಂದರೆ ರೋಗಿಯ ಮುಖಕ್ಕೆ ಮಸುಕು ಹಾಕಿದರೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಜಿಲ್ಲಾ ಕೇಂದ್ರದಂಥ ಊರಲ್ಲಿ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಉಟ್ಟ ಸೀರೆ, ಕೈಯ ಹಚ್ಚೆ, ಮಂಚದ ಪಕ್ಕ ಕೂತ ಮಗನ ಅಂಗಿ, ಎಲ್ಲಕ್ಕಿಂತ ಮೊದಲು ದನಿ, ಇವಿಷ್ಟು ಸಾಕು ನೆಂಟರಿಷ್ಟರಿಗೆ ಗುರುತು ಹತ್ತಲು. ಹಾಗಾಗಿ ಖಾಸಗಿತನದ ಕೆಲಸ ಶುರುವಾಗಬೇಕಾದದ್ದು ಎಡಿಟಿಂಗ್ ಟೇಬಲ್ಲಿನಲ್ಲಲ್ಲ, ಸ್ಕ್ರಿಪ್ಟಿನಲ್ಲಿ. ರೋಗಿ ಫ್ರೇಮಿನೊಳಗೆ ಬರದಂತೆಯೇ ದೃಶ್ಯ ಬರೆದುಕೊಂಡರೆ ಆಮೇಲೆ ಮುಚ್ಚುವ ಗೋಜೇ ಇರುವುದಿಲ್ಲ.

ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಹೋಗುತ್ತೇನೆ: ಜಿಲ್ಲಾ ಆಸ್ಪತ್ರೆಯ ಮಹಿಳೆಯರ ಮೆಡಿಸಿನ್ ವಾರ್ಡ್, ಬೆಳಗಿನ 8ರಿಂದ ಮಧ್ಯಾಹ್ನ 2ರವರೆಗಿನ ಶಿಫ್ಟ್, ಒಬ್ಬ ಸ್ಟಾಫ್ ನರ್ಸ್, ಸುಮಾರು 7 ನಿಮಿಷದ ವಿಡಿಯೊ. 24 ಗಂಟೆಯನ್ನೂ ತೋರಿಸಲು ಹೊರಟರೆ ಏನೂ ತೋರಿಸಿದಂತಾಗುವುದಿಲ್ಲ. ಒಂದು ಶಿಫ್ಟ್ ಸಾಕು.

ಹಂತ 1: ಅನುಮತಿ, ಮತ್ತು ಯಾವ ವಾರ್ಡು ಬೇಡ ಎಂಬ ತೀರ್ಮಾನ

2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಮಾಡಿದ್ದ ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡರು. ಅದೇ ತಿಂಗಳು ಗದಗದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ರೀಲ್ಸ್ ಮಾಡಿದ್ದಕ್ಕೆ 38 ವಿದ್ಯಾರ್ಥಿಗಳ ಮೇಲೆ ಕ್ರಮವಾಯಿತು. ನೀವು ಅನುಮತಿ ಪತ್ರ ಹಿಡಿದು ಹೋದಾಗ ಅಧಿಕಾರಿಯ ತಲೆಯಲ್ಲಿ ಮೊದಲು ಸುಳಿಯುವುದು ಈ ಎರಡು ಸುದ್ದಿಗಳೇ. ಅವರನ್ನು ಬೈದುಕೊಂಡು ಪ್ರಯೋಜನವಿಲ್ಲ. ಪತ್ರವನ್ನು ಅವರ ಭಯಕ್ಕೆ ಉತ್ತರ ಕೊಡುವಂತೆ ಬರೆಯಿರಿ.

ಜಿಲ್ಲಾ ಆಸ್ಪತ್ರೆಯಾದರೆ ಪತ್ರ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ಖಾಸಗಿಯಾದರೆ ಮೆಡಿಕಲ್ ಸೂಪರಿಂಟೆಂಡೆಂಟರಿಗೆ. ಪತ್ರದ ಒಂದು ಪ್ರತಿ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಹೋಗಲಿ. ಯಾವ ವಾರ್ಡು, ಯಾವ ದಿನ, ಎಷ್ಟು ಜನ ಬರುತ್ತೀರಿ, ಏನನ್ನು ಚಿತ್ರಿಸುವುದೇ ಇಲ್ಲ, ಕಚ್ಚಾ ವಿಡಿಯೊ ಎಲ್ಲಿರುತ್ತದೆ, ಯಾವ ತಾರೀಕಿಗೆ ಅಳಿಸುತ್ತೀರಿ, ಇಷ್ಟು ಒಂದೇ ಪುಟದಲ್ಲಿ ಬರಲಿ. ನರ್ಸ್ ಸರ್ಕಾರಿ ನೌಕರರಾದರೆ ಅವರ ಹೆಸರಿಗೇ ಲಿಖಿತ ಅನುಮತಿ ಬೇಕು. ‘ಹೂಂ, ಮಾಡ್ಕೊಳ್ಳಿ’ ಅಂತ ಬಾಯಲ್ಲಿ ಹೇಳಿದ ಅಧಿಕಾರಿ ಆರು ತಿಂಗಳಲ್ಲಿ ವರ್ಗವಾಗಿರುತ್ತಾರೆ, ನೋಟಿಸ್ ಬರುವುದು ಸಿಸ್ಟರಿಗೆ.

ವಾರ್ಡಿನ ಆಯ್ಕೆಯಲ್ಲಿ ಹಟ ಬೇಡ. ಎಚ್‌ಐವಿ ಸೋಂಕಿತರಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರ, ಮನೋರೋಗ ವಿಭಾಗ, ಹೆರಿಗೆ ಕೋಣೆ, ಐಸಿಯು, ಕ್ಯಾಶುವಾಲ್ಟಿ ಮೊದಲೇ ಪಟ್ಟಿಯಿಂದ ಹೊರಗಿರಲಿ. ಎಚ್‌ಐವಿ ಸೋಂಕಿನ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಹೊರಹಾಕುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಡೆಯುತ್ತದೆ. ಎಆರ್‌ಟಿ ಕೇಂದ್ರದ ಬಾಗಿಲಲ್ಲಿ ನಿಂತವರ ಬೆನ್ನು ಕಂಡರೂ ಮಾಹಿತಿ ಹೊರಬಿದ್ದಂತೆಯೇ. ಮಾನಸಿಕ ಚಿಕಿತ್ಸೆ ಪಡೆಯುತ್ತಿರುವವರ ಫೋಟೊವನ್ನಾಗಲೀ ಬೇರೆ ಮಾಹಿತಿಯನ್ನಾಗಲೀ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಪ್ರತ್ಯೇಕವಾಗಿಯೇ ಹೇಳಿದೆ. ಕ್ಯಾಶುವಾಲ್ಟಿಯಲ್ಲಿ ಕಾನೂನಿಗಿಂತ ದೊಡ್ಡ ತೊಡಕೆಂದರೆ, ಅಲ್ಲಿಗೆ ಬಂದವರಿಗೆ ‘ಆಗಲಿ’ ಎನ್ನುವಷ್ಟು ವ್ಯವಧಾನವೇ ಇರುವುದಿಲ್ಲ.

ಹಂತ 2: ಕ್ಯಾಮೆರಾ ಇಲ್ಲದೆ ಒಂದು ಪೂರ್ತಿ ಶಿಫ್ಟ್

ಈ ಹಂತವನ್ನು ಹಾರಿಸಿದವರ ವಿಡಿಯೊ ನೋಡಿದ ಕೂಡಲೇ ಗೊತ್ತಾಗುತ್ತದೆ: ಕಾರಿಡಾರಿನಲ್ಲಿ ನಡಿಗೆ, ಸ್ಟೆತಾಸ್ಕೋಪು, ಒಂದು ನಗು, ಹಿಂದೆ ಪಿಯಾನೊ. ಕೆಲಸ ಏನೆಂದು ಗೊತ್ತಿಲ್ಲದಿದ್ದಾಗ ನಾವು ಹಾಗೆಯೇ ಬರೆಯುತ್ತೇವೆ.

ಕೈಯಲ್ಲೊಂದು ನೋಟ್‌ಬುಕ್ಕು, ಗಡಿಯಾರ. ಫೋನ್ ಚೀಲದಲ್ಲೇ ಇರಲಿ. 8 ಗಂಟೆಗೆ ಐದು ನಿಮಿಷ ಮುಂಚೆ ನರ್ಸಸ್ ಸ್ಟೇಷನ್ನಿನ ಹತ್ತಿರ ನಿಂತರೆ ಹ್ಯಾಂಡೋವರ್ ಕಾಣುತ್ತದೆ. ರಾತ್ರಿ ಪಾಳಿಯ ಸಿಸ್ಟರ್ ಮಂಚದಿಂದ ಮಂಚಕ್ಕೆ ಹೋಗುತ್ತಾ ಯಾರಿಗೆ ಜ್ವರ ಇಳಿದಿಲ್ಲ, ಯಾರ ಡ್ರಿಪ್ ಯಾವಾಗ ಮುಗಿಯುತ್ತದೆ, ಯಾರ ರಕ್ತದ ರಿಪೋರ್ಟ್ ಬರಬೇಕು ಎಂದು ಒಪ್ಪಿಸುತ್ತಾರೆ. ಬೆಳಗಿನವರು ಕೇಳುತ್ತಲೇ ಕಣ್ಣಲ್ಲಿ ಇನ್ನೇನನ್ನೋ ನೋಡುತ್ತಿರುತ್ತಾರೆ: ಕ್ಯಾನುಲಾ ಹಾಕಿದ ಜಾಗ ಊದಿದೆಯೇ, ಮೂತ್ರದ ಚೀಲ ಎಷ್ಟು ತುಂಬಿದೆ, ಅಜ್ಜಿಯ ತುಟಿ ಒಣಗಿದೆಯೇ. ಮಾತು ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಮುಂದೆ ನಿಮ್ಮ ಕ್ಯಾಮೆರಾ ಹಿಡಿಯಬೇಕಾದದ್ದು ಈ ಕಣ್ಣಿನ ಕೆಲಸವನ್ನು.

ನೋಟ್‌ಬುಕ್ಕಿನಲ್ಲಿ ರೋಗಿಯ ಹೆಸರು, ಮಂಚದ ನಂಬರು ಬರೆಯಬೇಡಿ. ಸಮಯ, ಸಿಸ್ಟರ್ ಏನು ಮಾಡಿದರು, ಆಗ ಅವರಿಗೆ ಏನು ತೀರ್ಮಾನಿಸಬೇಕಿತ್ತು, ಮಧ್ಯೆ ಯಾರು ತಡೆದರು, ಇಷ್ಟೇ ಸಾಕು. ‘ಯಾರು ತಡೆದರು’ ಎಂಬುದನ್ನು ತಪ್ಪದೆ ಬರೆಯಿರಿ. ಔಷಧಿ ಟ್ರೇ ಹಿಡಿದು ಹೊರಟವರನ್ನು ‘ಸಿಸ್ಟರ್, ಡಿಸ್ಚಾರ್ಜ್ ಯಾವಾಗ?’, ‘ಸಿಸ್ಟರ್, ಎಕ್ಸ್‌ರೇ ಎಲ್ಲಿ ತೆಗೀತಾರೆ?’, ‘ಸಿಸ್ಟರ್, ಸ್ಟೋರಿಂದ ಇಂಡೆಂಟ್ ವಾಪಸ್ ಬಂದಿದೆ’ ಅನ್ನುವ ದನಿಗಳು ಎಷ್ಟು ಸಲ ನಿಲ್ಲಿಸುತ್ತವೆ ಎಂಬುದು ದಣಿವಿನ ಬಗ್ಗೆ ಬರೆದ ಯಾವ ಹಿನ್ನೆಲೆ ಮಾತಿಗಿಂತ ಹೆಚ್ಚು ಹೇಳುತ್ತದೆ.

ಹಂತ 3: ಒಂದೇ ಎಳೆ ಆರಿಸಿಕೊಳ್ಳುವುದು

ಶಿಫ್ಟ್ ಮುಗಿದ ಮೇಲೆ ನೋಟ್‌ಬುಕ್ ಹರಡಿಕೊಂಡು ಕೂತರೆ ನೂರು ಸಂಗತಿಗಳಿರುತ್ತವೆ. ಅದರಲ್ಲಿ ಕಥೆಯಾಗುವುದು ಮೂರು ಗುಣ ಇರುವ ಒಂದೇ ಸಂಗತಿ: ಅದು ನರ್ಸಿನ ತೀರ್ಮಾನದಿಂದ ನಡೆದಿರಬೇಕು, ಗಡಿಯಾರದ ಜೊತೆ ಮುಂದೆ ಸಾಗಬೇಕು, ರೋಗಿಯ ಮುಖವಿಲ್ಲದೆಯೇ ಅರ್ಥವಾಗಬೇಕು. ಸಾವು, ಅಪಘಾತ, ವಿಷ ಕುಡಿದ ಕೇಸು ಇವು ನಾಟಕೀಯವೇ ಇರಬಹುದು. ಆದರೆ ಅವುಗಳ ಕೇಂದ್ರದಲ್ಲಿರುವುದು ರೋಗಿ, ನರ್ಸ್ ಅಲ್ಲ. ಜೊತೆಗೆ ‘ಮೊನ್ನೆ ವಿಷ ಕುಡಿದ ಹುಡುಗಿ’ ಎಂದರೆ ಇಡೀ ತಾಲೂಕಿಗೆ ಒಬ್ಬಳೇ ಇರುತ್ತಾಳೆ.

ನಮ್ಮ ಉದಾಹರಣೆಗೆ ಸಣ್ಣದೊಂದನ್ನು ಆರಿಸೋಣ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಗೆ ಬೆಳಿಗ್ಗೆ 8.15ಕ್ಕೆ ಊಟಕ್ಕೆ ಮುಂಚಿನ ರೆಗ್ಯುಲರ್ ಇನ್ಸುಲಿನ್ ಕೊಟ್ಟಾಗಿದೆ. 8.45ಕ್ಕೆ ತಿಂಡಿ ಬರುತ್ತದೆ. 9.20ಕ್ಕೆ ಬಿಪಿ ನೋಡಲು ಬಂದ ಸಿಸ್ಟರ್ ಕಣ್ಣಿಗೆ ಮಂಚದ ಕೆಳಗಿನ ತಟ್ಟೆ ಬೀಳುತ್ತದೆ: ಮೂರು ಇಡ್ಲಿಯಲ್ಲಿ ಎರಡು ಹಾಗೇ ಇವೆ. ‘ಯಾಕಜ್ಜಿ, ತಿನ್ನಲಿಲ್ವಾ?’ ಅಂದರೆ ‘ಬಾಯಿ ರುಚಿಯಿಲ್ಲ ಕಣಮ್ಮ’ ಅನ್ನುತ್ತಾರೆ. ಏನಾದರೂ ತಿನ್ನಿಸಿ ಎಂದು ಮಗಳಿಗೆ ಹೇಳಿ ಸಿಸ್ಟರ್ ಮುಂದೆ ಹೋಗುತ್ತಾರೆ, ತಲೆಯಲ್ಲಿ ಅದು ಉಳಿದಿರುತ್ತದೆ. ರೆಗ್ಯುಲರ್ ಇನ್ಸುಲಿನ್ನಿನ ಪ್ರಭಾವ ಕೊಟ್ಟ ಎರಡರಿಂದ ನಾಲ್ಕು ಗಂಟೆಯೊಳಗೆ ಹೆಚ್ಚಾಗುತ್ತದೆ. ಹೊಟ್ಟೆಯಲ್ಲಿ ಆಹಾರವಿಲ್ಲದಿದ್ದರೆ ಸಕ್ಕರೆ ಇಳಿಯುವುದು ಅದೇ ಹೊತ್ತಿಗೆ. ಮುಂದಿನ ಪರೀಕ್ಷೆ ಇರುವುದು 12ಕ್ಕೆ. ಸಿಸ್ಟರ್ 11 ಗಂಟೆಗೇ ಗ್ಲುಕೋಮೀಟರ್ ಹಿಡಿದು ಹೋಗುತ್ತಾರೆ. ಅಜ್ಜಿಯ ಹಣೆ ಬೆವರಿದೆ, ಕೈ ನಡುಗುತ್ತಿದೆ. ಮೀಟರಿನಲ್ಲಿ 62.

70ಕ್ಕಿಂತ ಕಡಿಮೆಯಾದರೆ ಅದನ್ನು ಕೆಳಗಿಳಿದ ಸಕ್ಕರೆ ಎಂದೇ ಲೆಕ್ಕ. ಎಚ್ಚರವಿದ್ದು ನುಂಗಬಲ್ಲ ರೋಗಿಗೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಸಣ್ಣ ಚಮಚದಷ್ಟನ್ನು ನೀರಲ್ಲಿ ಕದಡಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡುತ್ತಾರೆ. ಸಿಸ್ಟರ್ ಅದನ್ನೇ ಮಾಡಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾರೆ, ಮಧ್ಯಾಹ್ನದ ಇನ್ಸುಲಿನ್ ಕೊಡುವ ಮುಂಚೆ ಅವರ ಮಾತಿಗೆ ಕಾಯುತ್ತಾರೆ. ಎರಡನೇ ಸಲ 94. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಕೇಸ್ ಶೀಟಿನಲ್ಲಿ ನಾಲ್ಕು ಸಾಲು ಬೀಳುತ್ತದೆ.

ಈ ಘಟನೆಯಲ್ಲಿ ನರ್ಸಿನ ಕೆಲಸ ಪೂರ್ತಿ ಇದೆ: ಕಂಡದ್ದು, ನೆನಪಿಟ್ಟದ್ದು, ಕಾಯದೆ ಹೋದದ್ದು, ತಮ್ಮ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿದು ಡಾಕ್ಟರಿಗೆ ಹೇಳಿದ್ದು. ಇದನ್ನು ತೋರಿಸಲು ಬೇಕಾದದ್ದು ಒಂದು ತಟ್ಟೆ, ಒಂದು ಗಡಿಯಾರ, ಒಂದು ಸ್ಟೀಲ್ ಲೋಟ. ನೋಡುಗರು ಮನೆಯಲ್ಲಿ ಅನುಕರಿಸುವ ಸಾಧ್ಯತೆ ಇರುವುದರಿಂದ ಒಂದು ಸಾಲು ಕಡ್ಡಾಯ: ಪ್ರಜ್ಞೆ ಇಲ್ಲದವರ ಬಾಯಿಗೆ ಸಕ್ಕರೆ ನೀರು ಹಾಕಬಾರದು, ಉಸಿರ್ನಾಳಕ್ಕೆ ಹೋಗುತ್ತದೆ, ಅಂಥವರನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹಂತ 4: ಒಪ್ಪಿಗೆ ಕೇಳುವುದು, ಆದರೆ ಸಿಸ್ಟರ್ ಕೇಳಬಾರದು

ಇಲ್ಲಿ ಬಹಳ ಜನ ಎಡವುತ್ತಾರೆ. ‘ಸಿಸ್ಟರೇ ಕೇಳಿಬಿಡಲಿ, ಅವರ ಮಾತಿಗೆ ಇಲ್ಲ ಅನ್ನಲ್ಲ’ ಎಂಬುದು ಸಾಮಾನ್ಯ ಸಲಹೆ. ಇಲ್ಲ ಅನ್ನುವುದಿಲ್ಲ ಎಂಬುದೇ ತೊಂದರೆ. ಸೂಜಿ ಚುಚ್ಚುವವರು, ಬೆಡ್‌ಪ್ಯಾನ್ ತರಿಸಿಕೊಡುವವರು ಕೇಳಿದಾಗ ಮಂಚದ ಮೇಲಿದ್ದವರಿಗೆ ಬೇಡ ಎನ್ನುವ ಧೈರ್ಯ ಬರುವುದಿಲ್ಲ. ಆದ್ದರಿಂದ ಕೇಳಬೇಕಾದವರು ಚಿಕಿತ್ಸೆಗೆ ಸಂಬಂಧವೇ ಇಲ್ಲದ ನೀವು, ಅದೂ ಸಿಸ್ಟರ್ ಆ ಕಡೆ ಇಲ್ಲದಾಗ.

ಮಾತು ಸರಳವಾಗಿರಲಿ: ‘ಅಮ್ಮಾ, ಸಿಸ್ಟರ್ ಕೆಲಸದ ಬಗ್ಗೆ ಒಂದು ವಿಡಿಯೊ ಮಾಡ್ತಾ ಇದ್ದೀವಿ. ಅದು ಇಂಟರ್ನೆಟ್ಟಲ್ಲಿ ಬರುತ್ತೆ, ಯಾರು ಬೇಕಾದರೂ ನೋಡಬಹುದು. ನಿಮ್ಮ ಮುಖ, ಹೆಸರು, ದನಿ ಬರಲ್ಲ. ನಿಮ್ಮ ಕೈ ಮಾತ್ರ ಕಾಣಬಹುದು. ಬೇಡ ಅಂದರೆ ಕ್ಯಾಮೆರಾ ಈ ಕಡೆ ತಿರುಗಿಸಲ್ಲ, ನಿಮ್ಮ ಔಷಧಿ ಉಪಚಾರಕ್ಕೆ ಏನೂ ವ್ಯತ್ಯಾಸ ಆಗಲ್ಲ.’ ಇದನ್ನೇ ಕನ್ನಡದಲ್ಲಿ ಅರ್ಧ ಪುಟ ಬರೆದು ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಓದು ಬಾರದವರಿಗೆ ಓದಿ ಹೇಳುವಾಗ ಅವರ ಕಡೆಯವರೊಬ್ಬರು ಸಾಕ್ಷಿಯಿರಲಿ. ವಾರ್ಡಿನಲ್ಲಿ ತುಳು, ಉರ್ದು, ಲಂಬಾಣಿ ಮಾತಾಡುವವರಿದ್ದರೆ ಅವರ ಮಾತಲ್ಲೇ ವಿವರಿಸುವವರನ್ನು ಕರೆದುಕೊಂಡು ಹೋಗಿ. ಜ್ವರದಲ್ಲಿ, ನೋವಿನಲ್ಲಿ ಇರುವವರನ್ನು ಕೇಳಲೇಬೇಡಿ. ಡಿಸ್ಚಾರ್ಜ್ ಆಗುವ ದಿನ ಮತ್ತೊಮ್ಮೆ ಕೇಳಿ, ಮಂಚದಿಂದ ಎದ್ದ ಮೇಲೆ ಮನಸ್ಸು ಬದಲಾಗುವುದುಂಟು. ಯಾವ ತಾರೀಕಿನವರೆಗೆ ಫೋನ್ ಮಾಡಿ ‘ಬೇಡ’ ಅನ್ನಬಹುದು ಎಂಬುದನ್ನೂ ಆ ಕಾಗದದಲ್ಲೇ ಬರೆದು ಒಂದು ಪ್ರತಿ ಅವರಿಗೆ ಕೊಡಿ.

ನಮ್ಮ ಇಡ್ಲಿ ತಟ್ಟೆಯ ಅಜ್ಜಿಯನ್ನು ಚಿತ್ರಿಸುವುದಿಲ್ಲ. ಆದರೂ ಅದು ಅವರಿಗೆ ಆದದ್ದು. ‘ಅಜ್ಜಿ, ಆವತ್ತು ನಿಮಗೆ ಸಕ್ಕರೆ ಕಮ್ಮಿಯಾಗಿತ್ತಲ್ಲ, ಅದನ್ನ ಹೆಸರು ಹೇಳದೆ ಹೇಳಬಹುದಾ?’ ಎಂದು ಕೇಳಿ. ಬೇಡ ಎಂದರೆ ಕಥೆ ಬಿಡಬೇಕು, ಇನ್ನೊಂದು ಶಿಫ್ಟ್ ಕೂರಬೇಕು.

ಸಿಸ್ಟರ್ ಒಪ್ಪಿಗೆಯನ್ನೂ ಇಷ್ಟೇ ಗಂಭೀರವಾಗಿ ಪಡೆಯಿರಿ. ಮನೆ ಇರುವ ಬೀದಿ, ಮಕ್ಕಳ ಶಾಲೆಯ ಸಮವಸ್ತ್ರ, ಸ್ಕೂಟರ್ ನಂಬರು, ನೈಟ್ ಡ್ಯೂಟಿಗೆ ಹೊರಡುವ ಹೊತ್ತು ಇವು ಒಬ್ಬ ಹೆಣ್ಣುಮಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಇರಬೇಕಾದ ಮಾಹಿತಿ ಅಲ್ಲ. ಬೆಳಿಗ್ಗೆ ಎದ್ದು ಚಪಾತಿ ಲಟ್ಟಿಸುವ ದೃಶ್ಯದ ಮೇಲೆ ನಿರ್ದೇಶಕರಿಗೆ ಬಲು ಪ್ರೀತಿ. ನನ್ನ ಮಟ್ಟಿಗೆ ಅದನ್ನು ಬಿಟ್ಟರೆ ಏನೂ ನಷ್ಟವಿಲ್ಲ. ವಿಡಿಯೊ ಆಸ್ಪತ್ರೆಯ ಗೇಟಿನಲ್ಲಿ ಶುರುವಾಗಿ ಗೇಟಿನಲ್ಲೇ ಮುಗಿಯಲಿ.

ಹಂತ 5: ನಾಲ್ಕು ಕಾಲಮ್ಮಿನ ಸ್ಕ್ರಿಪ್ಟ್

ಸಾಮಾನ್ಯ ಸ್ಕ್ರಿಪ್ಟಿಗೆ ಎರಡು ಕಾಲಮ್ಮು, ಚಿತ್ರ ಮತ್ತು ಧ್ವನಿ. ಆಸ್ಪತ್ರೆಗೆ ಇನ್ನೆರಡು ಸೇರಿಸಿ: ‘ಕಾಣಬಾರದ್ದು, ಕೇಳಬಾರದ್ದು’ ಒಂದು, ‘ನಿಜವೋ ಮರುಸೃಷ್ಟಿಯೋ’ ಇನ್ನೊಂದು. ಮೂರನೆಯ ಕಾಲಮ್ಮು ಖಾಲಿ ಇರುವ ದೃಶ್ಯಕ್ಕೆ ಕ್ಯಾಮೆರಾ ಆನ್ ಆಗುವುದಿಲ್ಲ ಎಂಬ ನಿಯಮ ಮಾಡಿಕೊಳ್ಳಿ. 11 ಗಂಟೆಯ ದೃಶ್ಯ ಹೀಗೆ ಬರುತ್ತದೆ:

*ಚಿತ್ರ:* ನರ್ಸಸ್ ಸ್ಟೇಷನ್ ಮೇಜಿನ ಮೇಲೆ ಸ್ಟೀಲ್ ಟ್ರೇ. ಸಿಸ್ಟರ್ ಕೈ ಗ್ಲುಕೋಮೀಟರ್, ಸ್ಟ್ರಿಪ್ ಡಬ್ಬಿ, ಹತ್ತಿ ಜೋಡಿಸಿಕೊಳ್ಳುತ್ತದೆ. ಗೋಡೆ ಗಡಿಯಾರ 11. ಗ್ಲೌಸ್ ಹಾಕಿಕೊಂಡ ಕೈ, ಬೆರಳ ತುದಿ, ಒಂದು ಹನಿ ರಕ್ತ. ಸಿಸ್ಟರ್ ಮುಖ, ಮೀಟರ್ ನೋಡುತ್ತಿದ್ದಾರೆ. ಖಾಲಿ ಚಾರ್ಟಿನ ಮೇಲೆ ಪೆನ್ನು 62 ಎಂದು ಬರೆಯುತ್ತದೆ.

*ಧ್ವನಿ:* ಸಿಸ್ಟರ್ ಹಿನ್ನೆಲೆ ಮಾತು: ‘ಹನ್ನೆರಡಕ್ಕೆ ನೋಡಬೇಕಿತ್ತು. ಆದರೆ ಬೆಳಿಗ್ಗೆ ಇಡ್ಲಿ ಹಾಗೇ ಉಳಿದಿತ್ತಲ್ಲ, ಮನಸ್ಸು ತಡೀಲಿಲ್ಲ.’ ಬೇರೆಯಾಗಿ ಮುದ್ರಿಸಿದ ಫ್ಯಾನಿನ ಸದ್ದು, ಟ್ರಾಲಿಯ ಗಾಲಿ.

*ಕಾಣಬಾರದ್ದು, ಕೇಳಬಾರದ್ದು:* ಸ್ಟೇಷನ್ನಿನ ಬಿಳಿ ಬೋರ್ಡು, ಕೇಸ್ ಶೀಟುಗಳ ರ‍್ಯಾಕು, ಮಂಚದ ನಂಬರು, ಮೀಟರಿನ ತಾರೀಕು, ಹಿಂದಿನ ಕಿಟಕಿ ಗಾಜಿನ ಪ್ರತಿಬಿಂಬ. ವಾರ್ಡಿನ ಯಾವ ನೇರ ದನಿಯೂ ಬೇಡ.

*ನಿಜವೋ ಮರುಸೃಷ್ಟಿಯೋ:* ಮರುಸೃಷ್ಟಿ. ಬೆರಳು ಇನ್ನೊಬ್ಬ ಸಿಸ್ಟರದ್ದು. ಪರದೆಯ ಮೇಲೆ ಬರಹ: ‘ನಡೆದ ಘಟನೆಯ ಮರುಸೃಷ್ಟಿ’.

ಇಲ್ಲೊಂದು ಸೂಕ್ಷ್ಮವಿದೆ. ಸಹೋದ್ಯೋಗಿಯ ಆರೋಗ್ಯವಂತ ಬೆರಳಿಗೆ ಮೀಟರ್ 62 ತೋರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಆ ಸಂಖ್ಯೆ ಅಂಟಿಸುವುದು ಸುಲಭ, ಬಹಳ ಜನ ಅದನ್ನೇ ಮಾಡುತ್ತಾರೆ. ಅದು ನಕಲಿ ವೈದ್ಯಕೀಯ ದಾಖಲೆ ಸೃಷ್ಟಿಸಿದಂತೆ, ‘ಮರುಸೃಷ್ಟಿ’ ಎಂಬ ಬರಹ ಅದನ್ನು ಮುಚ್ಚುವುದಿಲ್ಲ. ಅದಕ್ಕೇ ಮೇಲಿನ ದೃಶ್ಯದಲ್ಲಿ ಮೀಟರಿನ ಪರದೆ ಕಾಣುವುದೇ ಇಲ್ಲ, ಸಿಸ್ಟರ್ ಮುಖ ಮತ್ತು ಬರೆಯುವ ಪೆನ್ನು ಕಾಣುತ್ತವೆ. ಒಟ್ಟಿನಲ್ಲಿ ರೋಗಿಯ ಗುರುತನ್ನು ಅಳಿಸಬಹುದು, ಕೆಲಸದ ಸತ್ಯವನ್ನು ತಿದ್ದಬಾರದು. ವಯಸ್ಸು, ಊರು ಬಿಡಿ. ಆದರೆ 62 ಎಂಬುದನ್ನು ನಾಟಕ ಹೆಚ್ಚಲಿ ಎಂದು 38 ಮಾಡಬೇಡಿ. ನರ್ಸುಗಳೇ ಮೊದಲು ಹಿಡಿಯುತ್ತಾರೆ: 38ಕ್ಕೆ ಇಳಿದವರು ಎಷ್ಟೋ ಸಲ ಲೋಟ ಹಿಡಿದು ಕುಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ.

ಆ 15 ನಿಮಿಷದ ಕಾಯುವಿಕೆಯನ್ನು ಕತ್ತರಿಸಿ ಎಸೆಯಬೇಡಿ, ವಿಡಿಯೊದ ನಡುಭಾಗ ಅದೇ. ಆ ಹೊತ್ತಲ್ಲಿ ಸಿಸ್ಟರ್ ಸುಮ್ಮನೆ ನಿಂತಿರುವುದಿಲ್ಲ. ಪಕ್ಕದ ಮಂಚದಲ್ಲಿ ಡ್ರಿಪ್ ಸರಿಮಾಡುತ್ತಾರೆ. 500 ಎಂಎಲ್ ಬಾಟಲಿ 4 ಗಂಟೆಯಲ್ಲಿ ಮುಗಿಯಬೇಕು, ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್ಟು ಎಂದಿಟ್ಟುಕೊಳ್ಳಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಸಿಸ್ಟರ್ ಕೈಗಡಿಯಾರ ಕಣ್ಣಿನ ಮಟ್ಟಕ್ಕೆ ಎತ್ತಿ, ತುಟಿ ಅಲುಗಿಸುತ್ತಾ ಹನಿ ಎಣಿಸಿ, ರೋಲರನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಈ ಶಾಟಿಗೆ 20 ಸೆಕೆಂಡು ಕೊಡಿ, ಮೇಲೆ ಮಾತು ಬೇಡ. ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಹೆಸರಿರುತ್ತದೆ, ಕ್ಯಾಮೆರಾ ಡ್ರಿಪ್ ಚೇಂಬರಿನ ಮಟ್ಟದಲ್ಲೇ ಇರಲಿ.

ಹಂತ 6: ಕಣ್ಣಿಗಿಂತ ಕಿವಿಯ ಕಾವಲು

ಒಳ್ಳೆಯ ನರ್ಸ್ ಔಷಧಿ ಕೊಡುವ ಮುಂಚೆ ಪ್ರತಿ ಸಲವೂ ‘ನಿಮ್ಮ ಹೆಸರು ಹೇಳಿ’ ಎಂದು ಕೇಳುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧಿ, ಪ್ರಮಾಣ, ದಾರಿ, ಹೊತ್ತು ಈ ಐದನ್ನು ತಾಳೆ ನೋಡುವ ಮೊದಲ ಮೆಟ್ಟಿಲು ಅದು. ವಿಚಿತ್ರವೆಂದರೆ ರೋಗಿಯ ಸುರಕ್ಷತೆಗಿರುವ ಇದೇ ಅಭ್ಯಾಸ ನಿಮ್ಮ ಮೈಕಿನಲ್ಲಿ ಅವರ ಹೆಸರನ್ನು ಸ್ಪಷ್ಟವಾಗಿ ಮುದ್ರಿಸುತ್ತದೆ. ಕ್ಯಾಮೆರಾ ಬಂದಿದೆ ಎಂದು ಸಿಸ್ಟರ್ ಹೆಸರು ಕೇಳುವುದನ್ನು ಬಿಟ್ಟರೆ ಅದು ಇನ್ನೂ ದೊಡ್ಡ ಅಪಾಯ. ಆದ್ದರಿಂದ ಅವರಿಗೆ ಹೇಳಿ: ‘ನೀವು ಹೇಗೆ ಮಾಡ್ತೀರೋ ಹಾಗೇ ಮಾಡಿ, ಮೈಕ್ ನಾವು ಆಫ್ ಮಾಡಿರ್ತೀವಿ.’

ವಾರ್ಡಿನೊಳಗೆ ಕಾಲರ್ ಮೈಕ್ ಬೇಡ. ಐದು ಅಡಿ ದೂರದ ಮಂಚದಲ್ಲಿ ಡಾಕ್ಟರು ಹೇಳುವ ರೋಗದ ಹೆಸರೂ ಅದಕ್ಕೆ ಸಿಗುತ್ತದೆ. ಕ್ಯಾಮೆರಾದ ಒಳಮೈಕನ್ನೂ ಶೂನ್ಯಕ್ಕೆ ಇಳಿಸಿ. ಬೇಕಾದ ಸದ್ದುಗಳನ್ನು ಆಮೇಲೆ ಒಂದೊಂದಾಗಿ ಮುದ್ರಿಸಿಕೊಳ್ಳಿ: ಟ್ರಾಲಿ ಗಾಲಿಯ ಕಿರುಗುಟ್ಟುವಿಕೆ, ಆಂಪ್ಯೂಲ್ ಮುರಿಯುವ ಟಕ್ ಸದ್ದು, ಕೈ ತೊಳೆಯುವ ನೀರು, ಖಾಲಿ ಕೋಣೆಯ ಫ್ಯಾನು. ಆಮೇಲೆ ಜೋಡಿಸಿದ ಸದ್ದು ಸುಳ್ಳಲ್ಲವೇ ಎಂದು ಯಾರಾದರೂ ಕೇಳಬಹುದು. ಅದೇ ವಾರ್ಡಿನ ಅದೇ ವಸ್ತುವಿನ ಸದ್ದು ಸುಳ್ಳಲ್ಲ, ಇಲ್ಲದ ಮಾನಿಟರಿನ ಬೀಪ್ ಸೇರಿಸಿದರೆ ಸುಳ್ಳು. ಜಿಲ್ಲಾ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಮಂಚಕ್ಕೊಂದು ಮಾನಿಟರ್ ಎಲ್ಲಿಂದ ಬರಬೇಕು?

ಹಂತ 7: ಚಿತ್ರೀಕರಣದ ದಿನ

ಒಳಗೆ ಇಬ್ಬರು ಸಾಕು. ಲೈಟು, ಟ್ರೈಪಾಡು ಹೊರಗಿರಲಿ, ಟ್ರಾಲಿ ಓಡುವ ಜಾಗದಲ್ಲಿ ಟ್ರೈಪಾಡಿನ ಕಾಲಿಗೆ ಯಾರಾದರೂ ಎಡವುವುದು ಖಚಿತ. ಚಿತ್ರಿಸುವ ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಲೊಕೇಶನ್ ಆಫ್ ಆಗಿರಲಿ. ಗೂಗಲ್ ಫೋಟೋಸ್ ಥರದ ತಾನಾಗಿ ಬ್ಯಾಕಪ್ ಆಗುವ ವ್ಯವಸ್ಥೆ ನಿಂತಿದೆಯೇ ಎಂದು ಒಳಹೋಗುವ ಮುನ್ನ ನೋಡಿಕೊಳ್ಳಿ. ಕ್ಲಿಪ್ಪುಗಳನ್ನು ವಾಟ್ಸ್ಆ್ಯಪ್ಪಿನಲ್ಲಿ ಎಡಿಟರಿಗೆ ಕಳಿಸುವ ರೂಢಿಯನ್ನು ಈ ಒಂದು ಕೆಲಸಕ್ಕಾದರೂ ಬಿಡಿ.

ಔಷಧಿ ತಯಾರಿಸುವಾಗ, ಕೊಡುವಾಗ ಸಿಸ್ಟರ್ ಜೊತೆ ಒಂದಕ್ಷರವೂ ಮಾತಾಡಬಾರದು. ‘ಇನ್ನೊಂದ್ಸಲ ಮಾಡಿ ಸಿಸ್ಟರ್, ಫೋಕಸ್ ತಪ್ತು’ ಎಂಬ ಮಾತು ಅಲ್ಲಿ ಅಕ್ಷಮ್ಯ. ಗಮನ ಮುರಿದ ಕ್ಷಣದಲ್ಲೇ ಪ್ರಮಾಣ ತಪ್ಪುವುದು. ಶಾಟ್ ಹೋದರೆ ಹೋಯಿತು. ಸಿಸ್ಟರ್ ‘ನಿಲ್ಸಿ’ ಎಂದರೆ ಅಥವಾ ಬರೀ ಕೈ ಎತ್ತಿದರೂ ಕ್ಯಾಮೆರಾ ನೆಲದ ಕಡೆ ತಿರುಗಬೇಕು, ಕಾರಣ ಕೇಳಬಾರದು. ಯಾರ ಸ್ಥಿತಿಯಾದರೂ ಹದಗೆಟ್ಟರೆ ನೀವಿಬ್ಬರೂ ವಾರ್ಡಿನಿಂದ ಹೊರಗೆ ಹೋಗಿ.

ಕೈ ಕೆಲಸದ ವಿವರ ತಪ್ಪಿದರೆ ವಿಡಿಯೊ ನರ್ಸುಗಳ ಮುಂದೆ ನಗೆಪಾಟಲು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಂತಿಲ್ಲ, ಅದು ನೇರ ಬಿಳಿಯ, ಚುಚ್ಚಿ ಹೊರಬರದ ಡಬ್ಬಿಗೆ ಹೋಗಬೇಕು. ಐವಿ ಸೆಟ್ಟು, ಗ್ಲೌಸು ಕೆಂಪು ಚೀಲಕ್ಕೆ, ರಕ್ತ ಹತ್ತಿದ ಹತ್ತಿ ಹಳದಿಗೆ, ಗಾಜಿನ ಆಂಪ್ಯೂಲು ನೀಲಿ ಪೆಟ್ಟಿಗೆಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಬಣ್ಣಗಳು ಇವು. ದಿನದ ಗಡಿಬಿಡಿಯಲ್ಲಿ ಏನಾದರೂ ಬೇರೆ ಚೀಲಕ್ಕೆ ಬಿದ್ದದ್ದು ಶಾಟಿನಲ್ಲಿ ಸಿಕ್ಕರೆ ಅದನ್ನು ಸಿಸ್ಟರಿಗೆ ಹೇಳಿ, ವಿಡಿಯೊಗೆ ಹಾಕಬೇಡಿ. ನಿಮ್ಮ ವಿಷಯ ತಪಾಸಣೆಯಲ್ಲ. ಹಾಗೆಂದು ಆ ವಾರ್ಡಿನಲ್ಲಿ ಎಲ್ಲವೂ ಅಚ್ಚುಕಟ್ಟು ಎಂದು ಹೊಗಳುವ ಸಾಲನ್ನೂ ಬರೆಯಬೇಡಿ.

ಹಂತ 8: ಸಿಸ್ಟರ್ ಮಾತು

ಹಿನ್ನೆಲೆ ಮಾತನ್ನು ನೀವು ಬರೆದುಕೊಟ್ಟರೆ ಅದು ಭಾಷಣವಾಗುತ್ತದೆ. ಶಿಫ್ಟ್ ಮುಗಿದು ಊಟ ಮಾಡಿದ ಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿಕೊಂಡು ಕೇಳಿ. ‘ಈ ವೃತ್ತಿ ಯಾಕೆ ಆರಿಸಿಕೊಂಡ್ರಿ?’ ಎಂದರೆ ಎಲ್ಲರೂ ‘ಸೇವೆ’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು ‘ತಟ್ಟೆ ನೋಡಿದಾಗ ತಲೆಯಲ್ಲಿ ಏನು ಬಂತು?’, ‘ಡಾಕ್ಟರ್ ಫೋನ್ ಎತ್ತದಿದ್ದರೆ ಏನು ಮಾಡ್ತಿದ್ರಿ?’, ‘ಇವತ್ತು ಯಾವ ಕೆಲಸ ನಾಳೆಗೆ ಉಳೀತು?’ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ಇಡೀ ವಿಡಿಯೊದ ಅತ್ಯಂತ ನಿಜವಾದ ಸಾಲು.

‘ದೇವತೆ’, ‘ತಾಯಿ ಹೃದಯ’ ಇಂಥವು ಸ್ಕ್ರಿಪ್ಟಿನಲ್ಲಿ ಬೇಡವೇ ಬೇಡ. ದೇವತೆಗೆ ಸಂಬಳ, ರಜೆ, ಊಟದ ಬಿಡುವು ಯಾವುದೂ ಬೇಕಿಲ್ಲ ನೋಡಿ, ಅದಕ್ಕೇ ಆ ಬಿರುದು ಅಷ್ಟು ಅಗ್ಗ.

ಜನ ಸಾಲದು ಎಂಬ ಮಾತು ಬಂದೇ ಬರುತ್ತದೆ. ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ 5 ರೋಗಿಗೆ ಒಬ್ಬ ನರ್ಸ್. ಸಿಸ್ಟರ್ ಬಾಯಲ್ಲಿ ಹೋಲಿಕೆ ಹೇಳಿಸಿದರೆ ನೋಟಿಸಿನ ಭಯ ಅವರಿಗೆ. ಬೇರೆ ದಾರಿಯಿದೆ: ಮಾನದಂಡವನ್ನು ಪರದೆಯ ಬರಹವಾಗಿ ನಿಮ್ಮ ಹೊಣೆಯಲ್ಲೇ ಹಾಕಿ, ಆ ದಿನ ವಾರ್ಡಿನಲ್ಲಿ ಎಷ್ಟು ಮಂಚ ತುಂಬಿತ್ತು, ಎಷ್ಟು ಸಿಸ್ಟರ್‌ಗಳಿದ್ದರು ಎಂಬುದನ್ನು ಡ್ಯೂಟಿ ರೋಸ್ಟರ್ ನೋಡಿ ಖಚಿತಪಡಿಸಿಕೊಂಡು ಅದರ ಕೆಳಗೆ ಬರೆಯಿರಿ. ಆಸ್ಪತ್ರೆ ಅದನ್ನು ತೆಗೆಯಿರಿ ಎನ್ನಬಹುದು. ಇದಕ್ಕಾಗಿಯೇ ಮೊದಲ ಪತ್ರದಲ್ಲಿ ಒಂದು ಸಾಲು ಇರಬೇಕು: ರೋಗಿಯ ಗುರುತು ಮತ್ತು ವೈದ್ಯಕೀಯ ತಪ್ಪುಗಳ ದೃಷ್ಟಿಯಿಂದ ಆಸ್ಪತ್ರೆ ವಿಡಿಯೊವನ್ನು ಮೊದಲೇ ನೋಡಬಹುದು, ಅಭಿಪ್ರಾಯದ ಕಾರಣಕ್ಕೆ ಕತ್ತರಿಸುವಂತಿಲ್ಲ. ಒಪ್ಪದಿದ್ದರೆ ಎಲ್ಲಿ ಮಣಿಯಬೇಕು ಎಂಬುದು ನಿಮ್ಮ ವಿವೇಚನೆ, ಆದರೆ ಸಿಸ್ಟರ್ ಕೆಲಸಕ್ಕೆ ಕುತ್ತು ಬರುವಲ್ಲಿ ಹಟ ಹಿಡಿಯಬೇಡಿ.

ಹಂತ 9: ಹೊರಬಿಡುವ ಮುನ್ನ

ಮುಗಿದ ವಿಡಿಯೊವನ್ನು ಮೊದಲು ಸದ್ದಿಲ್ಲದೆ, ದೊಡ್ಡ ಪರದೆಯಲ್ಲಿ, ನಿಲ್ಲಿಸಿ ನಿಲ್ಲಿಸಿ ನೋಡಿ. ಫೋನಿನಲ್ಲಿ ಕಾಣದ ಬಿಳಿ ಬೋರ್ಡಿನ ಅಕ್ಷರ ಟಿವಿಯಲ್ಲಿ ಓದಬಹುದು. ಆಮೇಲೆ ಕಣ್ಣುಮುಚ್ಚಿ ಬರೀ ಕೇಳಿ. ಮೂರನೆಯದಾಗಿ ಅದೇ ಊರಿನವರೊಬ್ಬರಿಗೆ, ತಂಡದವರಲ್ಲದವರಿಗೆ, ತೋರಿಸಿ ‘ಯಾರಾದರೂ ಗೊತ್ತಾದ್ರಾ?’ ಎಂದು ಮಾತ್ರ ಕೇಳಿ. ಬೆಂಗಳೂರಿನ ಎಡಿಟರಿಗೆ ಕಾಣದ ಸಾಲುಬಳೆ ಊರಿನವರಿಗೆ ಕಾಣುತ್ತದೆ. ಗುರುತು ಸಿಕ್ಕರೆ ಆ ಶಾಟನ್ನು ಮಸುಕಾಗಿಸುತ್ತಾ ಕೂರಬೇಡಿ, ತೆಗೆಯಿರಿ. ಜಾಗ ತುಂಬಲು ಖಾಲಿ ಟ್ರೇ, ಗಡಿಯಾರ, ಸಿಸ್ಟರ್ ಕೈ ಇವುಗಳ ಹೆಚ್ಚುವರಿ ಶಾಟುಗಳನ್ನು ಮೊದಲೇ ತೆಗೆದಿಟ್ಟುಕೊಂಡಿರಬೇಕು.

ಸಿಸ್ಟರಿಗೆ ಪೂರ್ತಿ ವಿಡಿಯೊ ತೋರಿಸುವಾಗ ಅವರ ಮನೆಯವರೂ ಇದ್ದರೆ ಒಳ್ಳೆಯದು. ಶೀರ್ಷಿಕೆ ಮತ್ತು ಥಂಬ್‌ನೇಲನ್ನೂ ಆಗಲೇ ತೋರಿಸಿ. ಒಳಗೆ ಇಡ್ಲಿ ತಟ್ಟೆಯ ಕಥೆ ಇಟ್ಟು ಹೊರಗೆ ‘ಸಾವಿನ ಬಾಯಿಂದ ಎಳೆದು ತಂದ ನರ್ಸ್’ ಎಂದು ಬರೆದರೆ ಇಷ್ಟು ಹೊತ್ತು ಪಟ್ಟ ಪಾಡು ನೀರುಪಾಲು. ವಿಡಿಯೊವನ್ನು ಚಿತ್ರೀಕರಣದ ದಿನವೇ ಹೊರಬಿಡಬೇಡಿ, ವಿವರಣೆಯಲ್ಲಿ ತಾರೀಕು ಬರೆಯಬೇಡಿ. ಆ ವಾರ ವಾರ್ಡಿನಲ್ಲಿದ್ದವರೆಲ್ಲ ಮನೆಗೆ ಹೋಗಿರಲಿ, ಒಪ್ಪಿಗೆ ಹಿಂತೆಗೆಯುವ ಗಡುವೂ ಮುಗಿದಿರಲಿ. ಅನುಮತಿ ಪತ್ರದಲ್ಲಿ ಬರೆದ ತಾರೀಕಿಗೆ ಮೆಮೊರಿ ಕಾರ್ಡು, ಹಾರ್ಡ್ ಡಿಸ್ಕು, ಎಡಿಟರ್ ಕಂಪ್ಯೂಟರು ಮೂರರಿಂದಲೂ ಕಚ್ಚಾ ವಿಡಿಯೊ ಅಳಿಸಿ, ಅಳಿಸಿದ್ದೇವೆ ಎಂದು ಆಸ್ಪತ್ರೆಗೆ ಒಂದು ಸಾಲಿನ ಪತ್ರ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.